ಖಾರದ ಗಿರಣಿಗೆ ಎಂಥ ಮೋಟಾರ್: ಮುಚ್ಚಿದ್ದೋ, ತೆರೆದದ್ದೋ?

ಬ್ಯಾಡಗಿಯ ಒಂದು ಖಾರದ ಗಿರಣಿಯಿಂದ ಹತ್ತು ಅಶ್ವಶಕ್ತಿಯ ಮೋಟಾರೊಂದು ಒಂದೇ ಹಂಗಾಮಿನಲ್ಲಿ ಎರಡು ಬಾರಿ ಸುಟ್ಟು ನಮ್ಮ ಹುಬ್ಬಳ್ಳಿಯ ರಿವೈಂಡಿಂಗ್ ಅಂಗಡಿಗೆ ಬಂದಿತ್ತು. ಮೊದಲ ಸಲ ಜನವರಿಯಲ್ಲಿ, ಎರಡನೆಯ ಸಲ ಮಾರ್ಚಿನಲ್ಲಿ. ಎರಡನೆಯ ಸಲ ಮೋಟಾರನ್ನು ಇಳಿಸಿ ಗಿರಣಿಯ ಮಾಲೀಕರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಕರೆಂಟ್ ಹನ್ನೆರಡರ ಮ್ಯಾಲ ಎಂದೂ ಹೋಗಿಲ್ರಿ, ರಿಲೇನೂ ಬಿದ್ದಿಲ್ರಿ, ಮತ್ತ ಮೋಟಾರ್ ಹೆಂಗ ಸುಡ್ತರಿ?"

ಅವರು ಹೇಳಿದ್ದು ನಿಜವಾಗಿತ್ತು. ಮೋಟಾರಿನ ತಗಡಿನ ಮೇಲೆ ಪೂರ್ಣ ಹೊರೆಯ ಪ್ರವಾಹ 14 ಆಂಪಿಯರ್ ಎಂದು ಬರೆದಿತ್ತು, ಗಿರಣಿ ಎಳೆಯುತ್ತಿದ್ದದ್ದು 12 ಆಂಪಿಯರ್. ಪ್ರವಾಹ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಅಳೆಯುವುದು ತಂತಿಯಲ್ಲಿ ಹರಿಯುವ ಪ್ರವಾಹವನ್ನು ಮಾತ್ರ, ಮೋಟಾರಿನೊಳಗಿನ ತಾಮ್ರದ ಸುರುಳಿಯ ನಿಜವಾದ ಬಿಸಿಯನ್ನು ಅದು ಕಾಣುವುದಿಲ್ಲ. ಹೊರೆ ಸರಿಯಾಗಿದ್ದು ಗಾಳಿ ನಿಂತುಹೋದರೆ ಪ್ರವಾಹ ಹೆಚ್ಚುವುದಿಲ್ಲ, ರಿಲೇ ಬೀಳುವುದಿಲ್ಲ, ಸುರುಳಿಯನ್ನು ಕಾಯುವ ವಾರ್ನಿಶ್ ಮಾತ್ರ ದಿನದಿಂದ ದಿನಕ್ಕೆ ಕರಿದಾಗುತ್ತ ಹೋಗುತ್ತದೆ. ಆದ್ದರಿಂದ ಮೋಟಾರ್ ಕೊಳ್ಳುವಾಗ ಅಶ್ವಶಕ್ತಿ ಮತ್ತು ವೇಗವನ್ನು ನೋಡಿದಷ್ಟೇ ಗಮನವಿಟ್ಟು ಅದರ ಕವಚ ಯಾವುದು, ಅದು ತನ್ನ ಬಿಸಿಯನ್ನು ಯಾವ ದಾರಿಯಿಂದ ಹೊರಗೆ ಹಾಕುತ್ತದೆ ಎಂಬುದನ್ನೂ ನೋಡಬೇಕು. ಅದನ್ನು ನೋಡುವ ಕ್ರಮವನ್ನು ಈ ಗಿರಣಿಯ ಉದಾಹರಣೆಯನ್ನೇ ಹಿಡಿದು ವಿವರಿಸುತ್ತೇನೆ.

ಮೊದಲ ಹೆಜ್ಜೆ: ತಗಡಿನ ಮೇಲಿನ ಎರಡು ಸಂಕೇತಗಳನ್ನು ಓದುವುದು

ಮೋಟಾರಿನ ತಗಡಿನಲ್ಲಿ 'ಐಪಿ' ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲ ಅಂಕಿ ಘನ ವಸ್ತು ಮತ್ತು ಧೂಳಿನಿಂದ, ಎರಡನೆಯ ಅಂಕಿ ನೀರಿನಿಂದ ಎಷ್ಟು ರಕ್ಷಣೆ ಇದೆ ಎಂಬುದನ್ನು ಹೇಳುತ್ತದೆ. ಈ ಎರಡನ್ನೂ ಬಿಡಿಬಿಡಿಯಾಗಿ ಓದಬೇಕು. ಇಪ್ಪತ್ತಮೂರಕ್ಕಿಂತ ಐವತ್ತೈದು ದೊಡ್ಡದು ಎಂಬ ಒಟ್ಟು ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮ ಪೇಟೆಯಲ್ಲಿ 'ಎಸ್‌ಪಿಡಿಪಿ' ಎಂದು ಕರೆಯುವ, ಮೈಮೇಲೆ ಜಾಲರಿಯ ಕಿಂಡಿಗಳಿರುವ ತೆರೆದ ಮೋಟಾರು ಸಾಮಾನ್ಯವಾಗಿ ಐಪಿ 23 ದರ್ಜೆಯದು. ಇಲ್ಲಿ 2 ಎಂದರೆ ಸುಮಾರು 12 ಮಿಲಿಮೀಟರಿಗಿಂತ ದಪ್ಪನೆಯ ವಸ್ತು ಒಳಗೆ ಹೋಗದು ಎಂದರ್ಥ, ಅಂದರೆ ಕೈಬೆರಳು ಹೋಗುವುದಿಲ್ಲ. 3 ಎಂದರೆ ಮೇಲಿನಿಂದ ನೇರ ಗೆರೆಗೆ 60 ಡಿಗ್ರಿಯವರೆಗೆ ಓರೆಯಾಗಿ ಬೀಳುವ ನೀರು ಹಾನಿ ಮಾಡದು ಎಂದರ್ಥ. ಇದಕ್ಕಿಂತ ಸರಳವಾದ ತೆರೆದ ಮೋಟಾರುಗಳು 15 ಡಿಗ್ರಿಯವರೆಗಿನ ಹನಿಯನ್ನು ಮಾತ್ರ ತಡೆಯುತ್ತವೆ. ಇಡೀ ಸಂಕೇತದಲ್ಲಿ ಧೂಳಿನ ಬಗ್ಗೆ ಒಂದು ಮಾತೂ ಇಲ್ಲ ಎಂಬುದನ್ನು ಗಮನಿಸಬೇಕು. ಬೆರಳನ್ನು ತಡೆಯುವ ಕಿಂಡಿಗೆ ಖಾರದಪುಡಿಯನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಪಂಪಿನ ಮನೆಗಳಲ್ಲಿ ಇಂಥ ಮೋಟಾರಿನೊಳಗೆ ಹಲ್ಲಿ ಹೊಕ್ಕು ಸುರುಳಿಗೆ ತಗುಲಿ ಸತ್ತಿರುವುದನ್ನು ಮೋಟಾರ್ ಕಟ್ಟುವವರೆಲ್ಲ ಕಂಡಿದ್ದೇವೆ.

'ಟಿಇಎಫ್‌ಸಿ' ಎಂದು ಕರೆಯುವ, ಪೂರ್ತಿ ಮುಚ್ಚಿ ಹೊರಗಿನಿಂದ ಫ್ಯಾನ್ ಗಾಳಿ ಹಾಯಿಸುವ ಮೋಟಾರು ಈಗ ಬಹುಮಟ್ಟಿಗೆ ಐಪಿ 55 ದರ್ಜೆಯಲ್ಲಿ ಸಿಗುತ್ತದೆ. ಇದರ ಮೊದಲ 5 ಧೂಳಿಗೆ ಸಂಬಂಧಿಸಿದ್ದು. ಧೂಳು ಒಂದಿಷ್ಟೂ ಒಳಗೆ ಹೋಗದು ಎಂದು ಇದರ ಅರ್ಥವಲ್ಲ, ಮೋಟಾರಿನ ಕೆಲಸ ಕೆಡುವಷ್ಟು ಹೋಗದು ಎಂದಷ್ಟೇ ಅರ್ಥ. ಎರಡನೆಯ 5 ಯಾವ ದಿಕ್ಕಿನಿಂದಲಾದರೂ ಪೈಪಿನಿಂದ ಚಿಮ್ಮುವ ನೀರನ್ನು ತಡೆಯುತ್ತದೆ ಎಂದು ಹೇಳುತ್ತದೆ.

ಇನ್ನೊಂದು ಸಂಕೇತ 'ಐಸಿ', ಇದು ತಂಪಾಗುವ ವಿಧಾನವನ್ನು ತಿಳಿಸುತ್ತದೆ. ಐಸಿ 01 ಎಂದರೆ ಮೋಟಾರಿನ ಅಕ್ಷಕ್ಕೇ ಕೂಡಿಸಿದ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು, ಸುರುಳಿಗಳ ಮೇಲೆ ಹಾಯಿಸಿ, ಮತ್ತೆ ಹೊರಗೆ ಬಿಡುತ್ತದೆ. ಐಸಿ 411 ಎಂದರೆ ಒಳಗಿನ ಗಾಳಿ ಒಳಗೇ ಸುತ್ತುತ್ತ ಬಿಸಿಯನ್ನು ಮೈಗೆ ಮುಟ್ಟಿಸುತ್ತದೆ, ಹಿಂಬದಿಯ ಫ್ಯಾನು ಹೊರಗಿನ ಗಾಳಿಯನ್ನು ಮೈಮೇಲಿನ ಏಣುಗಳ ಉದ್ದಕ್ಕೂ ತಳ್ಳುತ್ತದೆ. ಮೊದಲನೆಯದು ತೆರೆದ ಮೋಟಾರಿನ ರೀತಿ, ಎರಡನೆಯದು ಮುಚ್ಚಿದ ಮೋಟಾರಿನ ರೀತಿ.

ಬಿಸಿ ಎಷ್ಟು, ಅದು ಹೋಗುವುದು ಎಲ್ಲಿಂದ

ಹತ್ತು ಅಶ್ವಶಕ್ತಿ ಎಂದರೆ ಸುಮಾರು 7.5 ಕಿಲೋವ್ಯಾಟ್. ದಕ್ಷತೆಯಲ್ಲಿ ಐಇ3 ಎಂಬ ದರ್ಜೆಯ, ನಾಲ್ಕು ಧ್ರುವಗಳ ಇಂಥ ಮೋಟಾರಿನ ದಕ್ಷತೆ 90.4 ಪ್ರತಿಶತ. ಅಂದರೆ ಪೂರ್ಣ ಹೊರೆಯಲ್ಲಿ ಅದು ಸುಮಾರು 8.3 ಕಿಲೋವ್ಯಾಟ್ ಎಳೆದು 7.5ನ್ನು ಕೆಲಸಕ್ಕೆ ಕೊಡುತ್ತದೆ, ಉಳಿದ 800 ವ್ಯಾಟ್ ಬಿಸಿಯಾಗುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಮೋಟಾರಿನೊಳಗೆ ಇಟ್ಟು ದಿನವಿಡೀ ಚಾಲೂ ಬಿಟ್ಟಷ್ಟು ಬಿಸಿ ಇದು. ತೆರೆದ ಮೋಟಾರಿನಲ್ಲಿ ಗಾಳಿ ಸುರುಳಿಯನ್ನೇ ಮುಟ್ಟಿ ಈ ಬಿಸಿಯನ್ನು ಹೊತ್ತೊಯ್ಯುವುದರಿಂದ ಅದೇ ಶಕ್ತಿಗೆ ಚಿಕ್ಕ, ಹಗುರ, ಅಗ್ಗದ ಮೋಟಾರು ಸಾಕಾಗುತ್ತದೆ. ಮುಚ್ಚಿದ ಮೋಟಾರಿನಲ್ಲಿ ಬಿಸಿ ಸುರುಳಿಯಿಂದ ಕಬ್ಬಿಣದ ತಿರುಳಿಗೆ, ತಿರುಳಿನಿಂದ ಮೈಗೆ, ಮೈಯಿಂದ ಏಣುಗಳಿಗೆ ದಾಟಿ, ಅಲ್ಲಿಂದ ಗಾಳಿಗೆ ಹೋಗಬೇಕು. ದಾರಿ ಉದ್ದವಾದಷ್ಟೂ ಮೈ ದೊಡ್ಡದಾಗಿರಬೇಕಾಗುತ್ತದೆ.

ಹೀಗಾಗಿ ಸ್ವಚ್ಛವಾದ, ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ತೆರೆದ ಮೋಟಾರು ಒಳ್ಳೆಯ ಆಯ್ಕೆಯೇ ಸರಿ. ಅದನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವುದು ತಪ್ಪು. ಆದರೆ ಅದು ಉಸಿರಾಡುವ ಗಾಳಿಯಲ್ಲಿ ಏನಿದೆಯೋ ಅದೆಲ್ಲ ಸುರುಳಿಯ ಮೇಲೆ ಕೂರುತ್ತದೆ. ಬ್ಯಾಡಗಿಯ ಆ ಮೋಟಾರನ್ನು ಬಿಚ್ಚಿದಾಗ ನಾವು ಕಂಡದ್ದು ಇದನ್ನೇ. ಸುರುಳಿಗಳು ತಿರುಳಿನಿಂದ ಹೊರಗೆ ಬಾಗಿರುವ ತುದಿಗಳಲ್ಲಿ ತಂತಿ ಕಾಣುತ್ತಲೇ ಇರಲಿಲ್ಲ. ಮೆಣಸಿನಕಾಯಿಯ ಎಣ್ಣೆಯಂಶ ಕೂಡಿದ ಪುಡಿ ಬಿಸಿಗೆ ಬೆಂದು, ಮೇಲೆ ಕಡುಗೆಂಪು, ಒಳಗೆ ಕಪ್ಪು ಬಣ್ಣದ ಹೆಪ್ಪಾಗಿ, ಕಿಂಡಿಗಳಿಂದ ಒಳಕ್ಕೆ ಗಾಳಿ ಹೋಗುವ ದಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚಿತ್ತು. ಚಾಕುವಿನಿಂದ ಕೆರೆದರೆ ಅದು ಹಕ್ಕಳೆಯಾಗಿ ಏಳುತ್ತಿತ್ತು. ಮೂರೂ ಫೇಸಿನ ಸುರುಳಿಗಳು ಒಂದೇ ಸಮನಾಗಿ ಕಪ್ಪಾಗಿದ್ದವು.

ಈ ಕೊನೆಯ ಗುರುತು ಬಹಳ ಮುಖ್ಯವಾದದ್ದು. ಒಂದು ಫೇಸ್ ತಪ್ಪಿ ಸುಟ್ಟ ಮೋಟಾರಿನಲ್ಲಿ ಕೆಲವು ಸುರುಳಿಗಳು ಕರಕಲಾಗಿ, ಉಳಿದವು ಹೊಸದರಂತೆ ಹೊಳೆಯುತ್ತಿರುತ್ತವೆ. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನವು, ಡೆಲ್ಟಾದಲ್ಲಿ ಒಂದು ಫೇಸಿನವು ಸುಡುತ್ತವೆ. ಮೂರೂ ಸಮನಾಗಿ ಸುಟ್ಟಿದ್ದರೆ ಹೊರೆ ಹೆಚ್ಚಿತ್ತು, ವೋಲ್ಟೇಜ್ ಕಡಿಮೆ ಇತ್ತು ಅಥವಾ ಗಾಳಿ ನಿಂತಿತ್ತು ಎಂದು ತಿಳಿಯಬೇಕು. ಮೊದಲೆರಡು ಕಾರಣಗಳಿದ್ದರೆ ಪ್ರವಾಹ ಏರಿ ರಿಲೇ ಬೀಳಬೇಕಿತ್ತು. ಅದು ಬಿದ್ದಿರಲಿಲ್ಲವಾದ್ದರಿಂದ ಉಳಿದದ್ದು ಮೂರನೆಯ ಕಾರಣ. ಜನವರಿಯಲ್ಲಿ ಸುರುಳಿ ಸುತ್ತಿಕೊಟ್ಟಾಗ ನಾವೂ ಇದನ್ನು ಸರಿಯಾಗಿ ವಿಚಾರಿಸದೆ, ಅದೇ ಮೋಟಾರನ್ನು ಅದೇ ಜಾಗಕ್ಕೆ ಕಳಿಸಿದ್ದೆವು. ಎರಡನೆಯ ಸಲದ ಖರ್ಚಿಗೆ ಆ ಅವಸರವೂ ಕಾರಣ.

ಎರಡನೆಯ ಹೆಜ್ಜೆ: ಜಾಗವನ್ನು ಪರೀಕ್ಷಿಸುವುದು

ಮೋಟಾರ್ ಕೂರುವ ಜಾಗದಲ್ಲಿ, ಅದರ ಎತ್ತರಕ್ಕೇ, ಒಂದು ಬಿಳಿ ಹಾಳೆಯನ್ನು ಇಟ್ಟು ಗಿರಣಿಯನ್ನು ಒಂದು ತಾಸು ನಡೆಸಬೇಕು. ಆಮೇಲೆ ಹಾಳೆಯ ಮೇಲೆ ಬೆರಳೆಳೆದು ನೋಡಬೇಕು. ಗೆರೆ ಮೂಡಿದರೆ ಅಲ್ಲಿ ತೆರೆದ ಮೋಟಾರಿಗೆ ಜಾಗವಿಲ್ಲ. ಬ್ಯಾಡಗಿಯ ಗಿರಣಿಯಲ್ಲಿ ಖಾರ ಪುಡಿಮಾಡುವ ಪಲ್ವರೈಸರ್ ಯಂತ್ರದ ಬಟ್ಟೆಯ ಚೀಲ ಮೋಟಾರಿನಿಂದ ನಾಲ್ಕು ಅಡಿ ದೂರದಲ್ಲಿತ್ತು, ತಾಸು ತುಂಬುವ ಮೊದಲೇ ಹಾಳೆ ಕೆಂಪಾಗಿತ್ತು. ಗದಗದ ಕಡೆಯ ಹತ್ತಿ ಜಿನ್ನುಗಳಲ್ಲಿ ಇದೇ ಪರೀಕ್ಷೆ ಮಾಡಿದರೆ ಪುಡಿಯ ಬದಲು ಎಳೆಗಳು ಸಿಗುತ್ತವೆ. ಎಳೆಗಳು ಜಾಲರಿಗೆ ಹೊದಿಕೆಯಂತೆ ಅಂಟಿಕೊಳ್ಳುವುದರಿಂದ ಗಾಳಿಯನ್ನು ಇನ್ನೂ ಬೇಗ ಕಟ್ಟಿಬಿಡುತ್ತವೆ.

ಇದರ ಜೊತೆಗೆ ಕೋಣೆಯ ಉಷ್ಣಾಂಶವನ್ನು ಮಧ್ಯಾಹ್ನದ ಎರಡು ಗಂಟೆಗೆ ಮೋಟಾರಿನ ಪಕ್ಕದಲ್ಲಿಯೇ ಅಳೆಯಬೇಕು. ಸಾಮಾನ್ಯ ಮೋಟಾರುಗಳನ್ನು ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರದು ಎಂದು ನಂಬಿ ತಯಾರಿಸಿರುತ್ತಾರೆ. ಏಪ್ರಿಲ್ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ ಈ ಮಿತಿ ಸುಲಭವಾಗಿ ದಾಟುತ್ತದೆ. ದಾಟುತ್ತಿದ್ದರೆ ಛಾವಣಿಗೆ ಹತ್ತಿರ ಬಿಸಿಗಾಳಿ ಹೊರಹೋಗುವ ದಾರಿ ಮಾಡಿಸಬೇಕು, ಇಲ್ಲವೇ ಒಂದು ಮೆಟ್ಟಿಲು ದೊಡ್ಡ ಮೋಟಾರನ್ನು ಆರಿಸಬೇಕು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಐಪಿ 55 ಎಂಬುದು ಸ್ಫೋಟದಿಂದ ರಕ್ಷಣೆಯ ದರ್ಜೆಯಲ್ಲ. ಹಿಟ್ಟು, ಖಾರ ಮುಂತಾದ ಪುಡಿಗಳು ಮುಚ್ಚಿದ ಜಾಗದಲ್ಲಿ ದಟ್ಟವಾಗಿ ತೇಲುತ್ತಿದ್ದರೆ ಕಿಡಿಗೆ ಹೊತ್ತಿಕೊಳ್ಳಬಲ್ಲವು. ಅಂಥ ಕಡೆಗೆ ಬೇರೆಯೇ ಪ್ರಮಾಣಪತ್ರದ ಮೋಟಾರುಗಳಿವೆ, ಅವನ್ನು ಪರಿಣತರನ್ನು ಕೇಳಿಯೇ ಹಾಕಬೇಕು.

ಮೂರನೆಯ ಹೆಜ್ಜೆ: ಮುಚ್ಚಿದ ಮೋಟಾರನ್ನು ಕೂರಿಸುವುದು

ಆ ಗಿರಣಿಗೆ ಐಪಿ 55, ಐಸಿ 411ರ ಹೊಸ ಮೋಟಾರು ಬಂತು. ಅದನ್ನು ಕೂರಿಸುವಾಗ ನಾವು ಮೊದಲು ನೋಡಿದ್ದು ಹಿಂಬದಿಯ ಫ್ಯಾನ್ ಕವರಿಗೂ ಗೋಡೆಗೂ ನಡುವಿನ ಅಂತರ. ಕವರಿನ ವ್ಯಾಸದ ಕಾಲುಭಾಗದಷ್ಟಾದರೂ ಜಾಗ ಖಾಲಿ ಇರಬೇಕು ಎಂಬುದು ರೂಢಿಯ ನಿಯಮ. ಗಿರಣಿಗಳಲ್ಲಿ ಆ ಜಾಗಕ್ಕೆ ಚೀಲಗಳನ್ನು ಒರಗಿಸುವ ಅಭ್ಯಾಸ ಇರುವುದರಿಂದ ನಾನು ಒಂದು ಗೇಣಿಗಿಂತ ಕಡಿಮೆ ಬಿಡುವುದಿಲ್ಲ. ಸಾಧ್ಯವಾದರೆ ಫ್ಯಾನಿನ ಬದಿ ಪುಡಿ ಹಾರುವ ಚೀಲದ ಕಡೆಗೆ ಇರದಂತೆ ತಿರುಗಿಸಬೇಕು.

ಎರಡನೆಯದಾಗಿ ಕೇಬಲನ್ನು ಜೋಡಿಸುವ ಟರ್ಮಿನಲ್ ಪೆಟ್ಟಿಗೆ. ತಗಡಿನ ಮೇಲೆ ಐಪಿ 55 ಎಂದಿದ್ದರೂ, ಕೇಬಲ್ ಒಳಹೋಗುವ ತೂತಿಗೆ ಕೇಬಲನ್ನು ಬಿಗಿಹಿಡಿದು ಸಂದಿ ಮುಚ್ಚುವ ಅಳತೆಯ ಗ್ಲ್ಯಾಂಡ್ ಹಾಕದೆ ಬಟ್ಟೆ ತುರುಕಿದರೆ, ಉಪಯೋಗಿಸದ ಇನ್ನೊಂದು ತೂತನ್ನು ಹಾಗೆಯೇ ಬಿಟ್ಟರೆ, ಅಥವಾ ಮುಚ್ಚಳದ ರಬ್ಬರನ್ನು ಕಳೆದುಹಾಕಿದರೆ ಆ ದರ್ಜೆ ಅಲ್ಲಿಗೇ ಮುಗಿಯುತ್ತದೆ. ರಿವೈಂಡಿಂಗ್ ಮಾಡಿಸಿ ಮೋಟಾರನ್ನು ಮರಳಿ ತರುವಾಗ ಅಕ್ಷದ ಸೀಲು, ಮುಚ್ಚಳದ ರಬ್ಬರು, ಮೊದಲಿನ ಅಳತೆಯದೇ ಫ್ಯಾನು ಮತ್ತು ಕವರು ಎಲ್ಲವೂ ಇವೆಯೇ ಎಂದು ಅಂಗಡಿಯಲ್ಲಿಯೇ ನಿಂತು ನೋಡಿಕೊಳ್ಳಬೇಕು. ಏಣುಗಳ ನಡುವೆ ದಪ್ಪಗೆ ಬಣ್ಣ ಬಳಿಯಲು ಬಿಡಬಾರದು.

ಮೂರನೆಯದಾಗಿ, ಹೊಸ ಮೋಟಾರು ಇನ್ನೂ ತಣ್ಣಗಿರುವಾಗ ಎರಡು ತುದಿಗಳ ನಡುವಿನ ಸುರುಳಿಯ ರೋಧವನ್ನು ಅಳೆದು, ಅಂದಿನ ಉಷ್ಣಾಂಶದ ಜೊತೆ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದಿಡಬೇಕು. ನಮ್ಮ ಮೋಟಾರಿನಲ್ಲಿ ಅದು 30 ಡಿಗ್ರಿಯಲ್ಲಿ 1.20 ಓಮ್ ಇತ್ತು. ಇಷ್ಟು ಚಿಕ್ಕ ರೋಧಕ್ಕೆ ಸಾಮಾನ್ಯ ಮಲ್ಟಿಮೀಟರ್ ನಂಬಿಕೆಗೆ ಬರುವುದಿಲ್ಲ, ಏಕೆಂದರೆ ಅದರ ತಂತಿಗಳ ರೋಧವೇ ಲೆಕ್ಕವನ್ನು ಕೆಡಿಸುತ್ತದೆ. ನಾಲ್ಕು ತಂತಿಗಳ ರೋಧಮಾಪಕವೇ ಬೇಕು, ಅದು ಒಳ್ಳೆಯ ರಿವೈಂಡಿಂಗ್ ಅಂಗಡಿಯಲ್ಲಿ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಬಿಸಿಯನ್ನು ಅಳೆಯುವುದು

ಮುಚ್ಚಿದ ಮೋಟಾರು ಬಂದರೆ ಪುಡಿಯ ಕಾಟ ತೀರಿತು ಎಂದು ಮಾಲೀಕರು ತಿಳಿದಿದ್ದರು. ಪುಡಿ ಎಲ್ಲಿಗೂ ಹೋಗಿರಲಿಲ್ಲ, ಕೂರುವ ಜಾಗ ಮಾತ್ರ ಬದಲಾಗಿತ್ತು. ತೆರೆದ ಮೋಟಾರಿನಲ್ಲಿ ಒಳಗೆ ಸುರುಳಿಯ ಮೇಲೆ ಕೂರುತ್ತಿದ್ದದ್ದು ಈಗ ಹೊರಗೆ ಫ್ಯಾನ್ ಕವರಿನ ಜಾಲರಿಯಲ್ಲಿ ಮತ್ತು ಏಣುಗಳ ಸಂದಿಯಲ್ಲಿ ಕೂರತೊಡಗಿತು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಜಾಗಕ್ಕೆ ಅದು ಬಂತು ಎಂಬುದೇ ದೊಡ್ಡ ಲಾಭ. ಆದರೆ ತೆಗೆಯದಿದ್ದರೆ ಫಲ ಮೊದಲಿನಂತೆಯೇ. ಮರುವರ್ಷದ ಏಪ್ರಿಲ್‌ನಲ್ಲಿ ಅವರ ಫೋನ್ ಬಂತು: "ಮೈ ಮುಟ್ಟಾಕ ಆಗವಲ್ದ್ರಿ, ಬಂದು ನೋಡ್ರಿ."

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗೆ ಹೆಚ್ಚು ಬೆಲೆಯಿಲ್ಲ, ಏಕೆಂದರೆ ಇಂದಿನ ಮೋಟಾರುಗಳ ಮೈ ಸುಸ್ಥಿತಿಯಲ್ಲಿಯೇ 70 ಡಿಗ್ರಿ ದಾಟಬಹುದು, ಕೈ 60ಕ್ಕೇ ಹಿಂದೆ ಸರಿಯುತ್ತದೆ. ಆದ್ದರಿಂದ ಮೋಟಾರನ್ನು ಮೂರು ತಾಸು ನಡೆಸಿ, ನಿಲ್ಲಿಸಿ, ಮೇನ್ ಸ್ವಿಚ್ ತೆಗೆದು ಫ್ಯೂಜುಗಳನ್ನು ಬಿಚ್ಚಿ ನಮ್ಮ ಬಳಿಯೇ ಇಟ್ಟುಕೊಂಡು, ಅಕ್ಷ ಪೂರ್ತಿ ನಿಂತ ಮೇಲೆ ಟರ್ಮಿನಲ್‌ನಲ್ಲಿ ವಿದ್ಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಕೂಡಲೇ ರೋಧವನ್ನು ಅಳೆದೆವು. ತಡವಾದಷ್ಟೂ ಸುರುಳಿ ತಣ್ಣಗಾಗಿ ಅಂಕಿ ಇಳಿಯುತ್ತದೆ. ತಾಮ್ರದ ರೋಧ ಬಿಸಿಯ ಜೊತೆ ಏರುವ ರೀತಿ ಗೊತ್ತಿರುವುದರಿಂದ ಸುರುಳಿಯ ಸರಾಸರಿ ಉಷ್ಣಾಂಶ ಈ ಸೂತ್ರದಿಂದ ಸಿಗುತ್ತದೆ:

```
T2 = (R2 / R1) × (235 + T1) − 235
```

ಇಲ್ಲಿ R1 ಮತ್ತು T1 ತಣ್ಣಗಿದ್ದಾಗಿನ ರೋಧ ಮತ್ತು ಉಷ್ಣಾಂಶ, R2 ಮತ್ತು T2 ಬಿಸಿಯಾದಾಗಿನವು. ಅಂದು ರೋಧ 1.62 ಓಮ್ ಬಂತು. 1.62ನ್ನು 1.20ರಿಂದ ಭಾಗಿಸಿದರೆ 1.35, ಅದನ್ನು 265ರಿಂದ ಗುಣಿಸಿ 235 ಕಳೆದರೆ ಸುಮಾರು 123 ಡಿಗ್ರಿ. ಕೋಣೆಯ ಉಷ್ಣಾಂಶ 38 ಇತ್ತು, ಅಂದರೆ ಏರಿಕೆ 85 ಡಿಗ್ರಿ. ಮೋಟಾರಿನ ನಿರೋಧಕ ಎಫ್ ದರ್ಜೆಯದಾದ್ದರಿಂದ ಅದು ಸುಟ್ಟಿರಲಿಲ್ಲ, ಆ ದರ್ಜೆ 105 ಡಿಗ್ರಿಯ ಏರಿಕೆಯನ್ನು ತಾಳುತ್ತದೆ. ಆದರೆ ತಯಾರಕರು ಈ ಮೋಟಾರನ್ನು ಪೂರ್ಣ ಹೊರೆಯಲ್ಲಿಯೂ ಬಿ ದರ್ಜೆಯ ಮಿತಿಯಾದ 80 ಡಿಗ್ರಿ ಮೀರದಂತೆ ರೂಪಿಸಿದ್ದರು. ಇಲ್ಲಿ ಹೊರೆ 12 ಆಂಪಿಯರ್ ಮಾತ್ರ ಇದ್ದರೂ 85 ಬಂದಿತ್ತು. ತಪ್ಪು ಗಾಳಿಯಲ್ಲಿಯೇ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನೋಡಿದರೆ, ಪುಡಿ ಒಳಹೋಗದಿರಲಿ ಎಂದು ಯಾರೋ ಫ್ಯಾನ್ ಕವರಿಗೆ ತೆಳುವಾದ ಬಟ್ಟೆ ಕಟ್ಟಿದ್ದರು. ಬಟ್ಟೆಯ ಮೇಲೆ ಖಾರದ ಪದರ, ಏಣುಗಳ ನಡುವೆ ಮೇಲ್ಭಾಗದಲ್ಲಿ ಸಂದಿ ತುಂಬುವಷ್ಟು ಪುಡಿ. ಬಟ್ಟೆ ಬಿಚ್ಚಿ, ಕವರ್ ತೆಗೆದು, ಗಟ್ಟಿ ಕೂದಲಿನ ಕುಂಚದಿಂದ ಏಣುಗಳನ್ನು ಉದ್ದುದ್ದಕ್ಕೆ ಉಜ್ಜಿ, ವ್ಯಾಕ್ಯೂಮಿನಿಂದ ಎಳೆದು, ಕವರನ್ನು ಮತ್ತೆ ಕೂರಿಸಿದೆವು. ಅದೇ ಹೊರೆಯಲ್ಲಿ ಮತ್ತೆ ಮೂರು ತಾಸು ನಡೆಸಿ ಅಳೆದಾಗ ರೋಧ 1.47 ಓಮ್, ಅಂದರೆ ಸುಮಾರು 90 ಡಿಗ್ರಿ. ಕುಂಚದ ಅರ್ಧ ತಾಸಿನ ಕೆಲಸಕ್ಕೆ 33 ಡಿಗ್ರಿ ಇಳಿದಿತ್ತು. ಹತ್ತು ಡಿಗ್ರಿ ಹೆಚ್ಚಿದರೆ ನಿರೋಧಕದ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಒರಟು ಲೆಕ್ಕ. ಆ ಲೆಕ್ಕದಲ್ಲಿ ಬಟ್ಟೆ ಕಟ್ಟಿದ ಮೋಟಾರು ಬಾಳುತ್ತಿದ್ದದ್ದು ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ.

ಐದನೆಯ ಹೆಜ್ಜೆ: ಹಂಗಾಮಿನಲ್ಲಿ ಮತ್ತು ಮಳೆಗಾಲದಲ್ಲಿ

ಹಂಗಾಮಿನಲ್ಲಿ ದಿನದ ಕೊನೆಗೆ ಫ್ಯಾನ್ ಕವರಿನ ಜಾಲರಿಯನ್ನು, ವಾರಕ್ಕೊಮ್ಮೆ ಏಣುಗಳನ್ನು ಉಜ್ಜಬೇಕು, ಮೋಟಾರು ನಿಂತಿರಬೇಕು, ಕಣ್ಣಿಗೂ ಮೂಗಿಗೂ ರಕ್ಷಣೆ ಇರಬೇಕು. ಕಂಪ್ರೆಸರಿನ ಗಾಳಿ ಬೇಡ, ಅದು ಪುಡಿಯನ್ನು ಅಕ್ಷದ ಸೀಲಿನ ಕಡೆಗೆ ತಳ್ಳುತ್ತದೆ ಮತ್ತು ಕೋಣೆಯಲ್ಲೆಲ್ಲ ತೇಲಿಸುತ್ತದೆ. ನೀರು ಹಾಕಿದರೆ ಪುಡಿ ಕೆಸರಾಗಿ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಗಾಳಿ ಹೆಚ್ಚು ಬರಲಿ ಎಂದು ಫ್ಯಾನ್ ಕವರನ್ನೇ ತೆಗೆದುಬಿಡುವವರೂ ಇದ್ದಾರೆ. ಗಾಳಿಯನ್ನು ಏಣುಗಳ ಉದ್ದಕ್ಕೆ ತಿರುಗಿಸುವುದೇ ಆ ಕವರಿನ ಕೆಲಸ. ಅದಿಲ್ಲದಿದ್ದರೆ ಗಾಳಿ ಸುತ್ತಲೂ ಚದುರಿಹೋಗಿ ಮೈ ಇನ್ನಷ್ಟು ಬಿಸಿಯಾಗುತ್ತದೆ, ತಿರುಗುವ ಫ್ಯಾನು ಕೈಗೂ ಅಪಾಯ. ವಿಎಫ್‌ಡಿ ಹಾಕಿ ವೇಗ ಇಳಿಸುವವರು ನೆನಪಿಡಬೇಕಾದದ್ದು ಇನ್ನೊಂದಿದೆ: 50ರಿಂದ 25 ಹರ್ಟ್ಸ್‌ಗೆ ಇಳಿಸಿದರೆ ಅಕ್ಷದ ಫ್ಯಾನಿನ ಗಾಳಿಯೂ ಸುಮಾರು ಅರ್ಧವಾಗುತ್ತದೆ. ಹೊರೆ ಹಾಗೆಯೇ ಇದ್ದರೆ ಬೇರೆ ಮೋಟಾರಿನಿಂದ ತಿರುಗುವ ಫ್ಯಾನುಳ್ಳ ಐಸಿ 416 ಮಾದರಿ ಬೇಕಾಗುತ್ತದೆ.

ರಿಲೇಯ ಕುರುಡುತನಕ್ಕೆ ನೇರವಾದ ಪರಿಹಾರ ಎಂದರೆ ಸುರುಳಿಯೊಳಗೆ ಬಿಸಿಯನ್ನು ಗುರುತಿಸುವ ಥರ್ಮಿಸ್ಟರ್ ಕೂರಿಸುವುದು. ಮೂರು ಫೇಸಿಗೆ ಮೂರು, ಸಾಲಾಗಿ ಜೋಡಿಸಿ, ಚಿಕ್ಕ ರಿಲೇಯೊಂದಕ್ಕೆ ಕೊಟ್ಟರೆ ಗಾಳಿ ನಿಂತಾಗಲೂ ಮೋಟಾರು ತಾನಾಗಿ ನಿಲ್ಲುತ್ತದೆ. ಇವನ್ನು ಸುರುಳಿ ಸುತ್ತುವಾಗಲೇ ಕೂರಿಸಬೇಕು, ಆಮೇಲೆ ಸೇರಿಸುವುದು ಕಷ್ಟ. ಸುಟ್ಟ ಮೋಟಾರನ್ನು ರಿವೈಂಡಿಂಗಿಗೆ ಕೊಡುವವರು ಅಂದೇ ಇದನ್ನು ಹೇಳಬೇಕು.

ಮಳೆಗಾಲದಲ್ಲಿ ಖಾರದ ಗಿರಣಿಗಳು ಹೆಚ್ಚಾಗಿ ಸುಮ್ಮನೆ ಇರುತ್ತವೆ. ಮುಚ್ಚಿದ ಮೋಟಾರು ಬಿಸಿಯಾದಾಗ ಒಳಗಿನ ಗಾಳಿಯನ್ನು ಹೊರಗೆ ಬಿಡುತ್ತದೆ, ತಣ್ಣಗಾದಾಗ ಅಕ್ಷದ ಸಂದಿಯಿಂದ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ತೇವ ಒಳಗೆ ಬೆವರಾಗಿ ಕೂರುತ್ತದೆ. ಮೋಟಾರಿನ ಕೆಳಭಾಗದಲ್ಲಿ ಇದಕ್ಕೆಂದೇ ಪ್ಲಗ್ ಇರುವ ತೂತು ಇದ್ದರೆ, ಕೂರಿಸುವಾಗ ಅದು ನಿಜವಾಗಿ ಎಲ್ಲಕ್ಕಿಂತ ಕೆಳಗೇ ಬಂದಿದೆಯೇ ನೋಡಬೇಕು. ಗೋಡೆಗೆ ಅಡ್ಡಲಾಗಿ ಕೂರಿಸಿದ ಮೋಟಾರುಗಳಲ್ಲಿ ಅದು ಪಕ್ಕಕ್ಕೆ ಹೋಗಿರುತ್ತದೆ. ಹಂಗಾಮು ಶುರುವಾಗುವ ಮೊದಲು ಆ ಪ್ಲಗ್ ತೆಗೆದು ನೀರು ಬಸಿದು, ಮತ್ತೆ ಹಾಕಿ, 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಮೈಗೂ ನಡುವಿನ ನಿರೋಧವನ್ನು ಅಳೆಯಬೇಕು. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಮೋಟಾರನ್ನು ಒಣಗಿಸಿ, ಮತ್ತೆ ಅಳೆದು ನೋಡಿದ ಮೇಲೆಯೇ ಚಾಲೂ ಮಾಡಬೇಕು.